ಬೆಳಗಾವಿಯಲ್ಲಿ ನಡುಹಗಲು ಎಷ್ಟು ಗಂಟೆಗೆ? ಕೋಲಿನ ನೆರಳಿನಿಂದ ರೇಖಾಂಶ ತಿಳಿಯುವ ಬಗೆ

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಈ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಆದರೆ ಕೋಲು ನಿಲ್ಲಿಸಿ ಅದನ್ನು ಪರೀಕ್ಷಿಸಲು ಹೊರಟವರಲ್ಲಿ ಬಹಳ ಮಂದಿ ಸರಿಯಾಗಿ ಹನ್ನೆರಡಕ್ಕೆ ನೆರಳು ಅಳೆದು, 'ಲೆಕ್ಕ ಹತ್ತಲಿಲ್ಲ' ಎಂದು ಕೈಬಿಡುತ್ತಾರೆ. ನಮ್ಮ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನಿಗೆ ಹೊಂದಿಕೊಂಡು. ಬೆಳಗಾವಿ ಅದಕ್ಕಿಂತ ಪಶ್ಚಿಮಕ್ಕಿದೆ, ಇಲ್ಲಿ ಸೂರ್ಯ ನೆತ್ತಿಯ ಗೆರೆಗೆ ತಡವಾಗಿ ಬರುತ್ತಾನೆ. ಎಷ್ಟು ತಡ ಎಂದು ಅಳೆದರೆ ಊರಿನ ರೇಖಾಂಶ ಸಿಗುತ್ತದೆ.

ದಿನ. ಡಿಸೆಂಬರ್ 25ನ್ನೇ ಆರಿಸಿಕೊಳ್ಳಿ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆ. ಹೀಗಾಗಿ ಸೂರ್ಯನೂ ಗಡಿಯಾರವೂ ವರ್ಷವಿಡೀ ಒಟ್ಟಿಗೆ ನಡೆಯುವುದಿಲ್ಲ. ನವೆಂಬರ್ ಆರಂಭದಲ್ಲಿ ಸೂರ್ಯ 16 ನಿಮಿಷ ಮುಂದಿರುತ್ತಾನೆ, ಫೆಬ್ರುವರಿ ನಡುವೆ 14 ನಿಮಿಷ ಹಿಂದೆ. ಈ ವ್ಯತ್ಯಾಸ ಸೊನ್ನೆಯಾಗುವ ದಿನಗಳು ವರ್ಷಕ್ಕೆ ನಾಲ್ಕೇ. ಜೂನ್ 13, ಸೆಪ್ಟೆಂಬರ್ 1ರ ಸುಮಾರಿಗೆ ಇಲ್ಲಿ ಮಳೆ, ಮೋಡ. ಏಪ್ರಿಲ್ 15ಕ್ಕೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇದ್ದು ನೆರಳು ಗೇಣುದ್ದವೂ ಇರುವುದಿಲ್ಲ. ಉಳಿದದ್ದು ಡಿಸೆಂಬರ್.

ಕೋಲು. ಮಾಳಿಗೆಯ ಮೇಲೆ ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಉದ್ದದ ನೇರ ಸಲಾಕೆ ನಿಲ್ಲಿಸಿ, ಗೌಂಡಿಗಳ ತೂಗುಗುಂಡು ಇಳಿಬಿಟ್ಟು ಎರಡು ಕಡೆಯಿಂದ ನೋಡಿ. ಮಾಳಿಗೆಯ ನೆಲ ಮಳೆನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಅದಕ್ಕಾಗಿ ಅಗಲದ ಹಲಗೆ ಹಾಸಿ, ಮಟ್ಟಗೋಲಿನಿಂದ ಸಮ ಮಾಡಿಕೊಳ್ಳಿ.

ನಡುಹಗಲು. ಕೆಲಸ ಕೆಡುವುದು ಇಲ್ಲೇ. ನೆರಳು ಅತಿ ಚಿಕ್ಕದಾಗುವ ಕ್ಷಣಕ್ಕೆ ಕಾಯಬೇಡಿ, ಅದು ಕಣ್ಣಿಗೆ ಸಿಗುವುದಿಲ್ಲ. ಆ ದಿನ ನಡುಹಗಲಿನ ನೆರಳು ಸುಮಾರು 82 ಸೆಂ.ಮೀ. ಅದಕ್ಕೆ ಹತ್ತು ನಿಮಿಷ ಮುಂಚೆಯಾಗಲಿ, ಹತ್ತು ನಿಮಿಷ ತಡವಾಗಲಿ, ವ್ಯತ್ಯಾಸ ಬರುವುದು 2 ಮಿ.ಮೀ. ಮಾತ್ರ. ಸೂರ್ಯ ಚುಕ್ಕೆಯಲ್ಲ, ತಟ್ಟೆ. ಅದರಿಂದಾಗಿ ನೆರಳಿನ ತುದಿಯೇ ಒಂದೂವರೆ ಸೆಂ.ಮೀ.ನಷ್ಟು ಮಸುಕಾಗಿರುತ್ತದೆ. ಆ ಮಸುಕಿನಲ್ಲಿ 2 ಮಿ.ಮೀ. ಹುಡುಕಿ ಪ್ರಯೋಜನವಿಲ್ಲ.

ಬದಲಿಗೆ ಕೋಲಿನ ಬುಡಕ್ಕೆ ದಾರ ಕಟ್ಟಿ 120 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬೆಳಿಗ್ಗೆ ಹತ್ತರಿಂದಲೇ ಕೂತು ನೋಡಿ: ಉದ್ದವಿದ್ದ ನೆರಳು ಕುಗ್ಗುತ್ತ ಬಂದು ಸುಮಾರು 10.24ಕ್ಕೆ ವೃತ್ತವನ್ನು ಮುಟ್ಟುತ್ತದೆ. ಆಗ ನೆರಳು ನಿಮಿಷಕ್ಕೆ 6 ಮಿ.ಮೀ.ಗೂ ಹೆಚ್ಚು ಸರಿಯುತ್ತಿರುತ್ತದೆ, ಹಾಗಾಗಿ ಸಮಯ ಹಿಡಿಯುವುದು ಸುಲಭ. ಮಧ್ಯಾಹ್ನ ಅದೇ ನೆರಳು ಬೆಳೆದು ಅದೇ ವೃತ್ತವನ್ನು ಮತ್ತೆ ಮುಟ್ಟುತ್ತದೆ, ಸುಮಾರು 2.40ಕ್ಕೆ. ಎರಡರ ನಡುವಿನ ಸಮಯ 12.32, ಅದೇ ನಿಮ್ಮ ನಡುಹಗಲು. ಮಸುಕಿನ ಒಳ ಅಂಚನ್ನು ಹಿಡಿದರೆ ಎರಡೂ ಸಲ ಒಳ ಅಂಚನ್ನೇ ಹಿಡಿಯಿರಿ, ತಪ್ಪು ತಾನಾಗಿ ವಜಾ ಆಗುತ್ತದೆ. ಮೋಡದ ಭಯವಿದ್ದರೆ 110 ಮತ್ತು 130 ಸೆಂ.ಮೀ.ಗೂ ವೃತ್ತ ಎಳೆದಿಟ್ಟುಕೊಳ್ಳಿ. ಸಮಯಕ್ಕೆ ಮೊಬೈಲ್ ಗಡಿಯಾರವನ್ನೇ ನೋಡಿ, ಗೋಡೆ ಗಡಿಯಾರ ಬೇಡ.

ಮೊಬೈಲ್ ದಿಕ್ಸೂಚಿಯಿಂದ ಉತ್ತರದ ಗೆರೆ ಎಳೆದು, ನೆರಳು ಅದರ ಮೇಲೆ ಬೀಳುವುದನ್ನು ಕಾಯುವ ಅಡ್ಡದಾರಿಯೊಂದಿದೆ. ಸ್ಲ್ಯಾಬಿನ ಕಬ್ಬಿಣದ ಸರಳು ಆ ದಿಕ್ಸೂಚಿಯನ್ನು ಐದು ಡಿಗ್ರಿ ಎಳೆದರೂ ಸಾಕು, ಸಮಯ 14 ನಿಮಿಷ ತಪ್ಪುತ್ತದೆ. ಅಂದಕ್ಕೆಂದು ಮಾರುವ ಹಿತ್ತಾಳೆಯ ನೆರಳು ಗಡಿಯಾರವನ್ನಂತೂ ಮುಟ್ಟಬೇಡಿ. ಅದರ ಓರೆ ಕಡ್ಡಿ ನಮ್ಮಲ್ಲಿ 16 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಇಂಗ್ಲೆಂಡಿನ ಮಾದರಿ ನೋಡಿ ಮಾಡಿದವುಗಳಲ್ಲಿ 50ರ ಮೇಲಿರುತ್ತದೆ.

ಲೆಕ್ಕ. 12.32 ಎಂದರೆ 32 ನಿಮಿಷ ತಡ. ನಾಲ್ಕರಿಂದ ಭಾಗಿಸಿದರೆ 8 ಡಿಗ್ರಿ. 82.5ರಲ್ಲಿ 8 ಕಳೆದರೆ 74.5, ಅದೇ ಬೆಳಗಾವಿಯ ರೇಖಾಂಶ. ಒಂದು ನಿಮಿಷ ತಪ್ಪಿದರೆ ಉತ್ತರ ಸುಮಾರು 27 ಕಿ.ಮೀ. ಆಚೀಚೆ ಆಗುತ್ತದೆ.

ಅದೇ ದಿನ ವಿಜಯಪುರದಲ್ಲಿ ಯಾರಾದರೂ ಕೋಲು ನಿಲ್ಲಿಸಿದರೆ ಅವರಿಗೆ ಸಿಗುವುದು 12.27. ಊರೂರೂ ತನ್ನ ಸೂರ್ಯನಂತೆ ಗಡಿಯಾರ ಇಟ್ಟುಕೊಂಡರೆ ಈ ಎರಡು ಊರುಗಳ ನಡುವೆಯೇ ಐದು ನಿಮಿಷ ಅಂತರ. ನಡೆದು, ಚಕ್ಕಡಿಯಲ್ಲಿ ಹೋಗುವ ಕಾಲಕ್ಕೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೈಲು ಬಂದ ಮೇಲೆ ವೇಳಾಪಟ್ಟಿ ಬರೆಯಲಾಗದೆ ಕಷ್ಟವಾಯಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಸಮ್ಮೇಳನ ಗ್ರೀನಿಚ್ ರೇಖೆಯನ್ನು ಸೊನ್ನೆ ಎಂದು ಒಪ್ಪಿತು. ಅಲ್ಲಿಂದ 15 ಡಿಗ್ರಿಗೆ ಒಂದು ಗಂಟೆಯಂತೆ ವಲಯಗಳು ಕ್ರಮೇಣ ಚಾಲ್ತಿಗೆ ಬಂದವು. ನಡುವೆ ದೇಶಗಳ ಗಡಿ ಬಂದಲ್ಲೆಲ್ಲ ಗೆರೆ ಅಂಕುಡೊಂಕಾಯಿತು. ನಮ್ಮ ದೇಶ ಸುಮಾರು 29 ಡಿಗ್ರಿ ಅಗಲವಿದ್ದರೂ 1906ರಿಂದ ನಡುವಿನ 82.5ರ ಒಂದೇ ಸಮಯ ಇಟ್ಟುಕೊಂಡಿತು, ಅದಕ್ಕೇ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ಆದರೂ ಮುಂಬೈ ಅದಕ್ಕಿಂತ 39 ನಿಮಿಷ ಹಿಂದಿನ ತನ್ನದೇ ಸಮಯವನ್ನು ದಶಕಗಳ ಕಾಲ ಬಿಡಲಿಲ್ಲ.

ಕೂಡುವುದೋ ಕಳೆಯುವುದೋ ಎಂಬಲ್ಲಿ ಗೊಂದಲವಾದರೆ ಅರುಣಾಚಲದ ಪೂರ್ವ ತುದಿಯನ್ನು ನೆನೆಯಿರಿ. ಅದು 97 ಡಿಗ್ರಿಯಲ್ಲಿದೆ. ಅಲ್ಲಿ ನಡುಹಗಲು 58 ನಿಮಿಷ ಮುಂಚೆ, 11.02ಕ್ಕೇ ಆಗುತ್ತದೆ. ಹನ್ನೆರಡಕ್ಕೆ ಮುಂಚೆ ಬಂದರೆ 82.5ಕ್ಕೆ ಕೂಡಿ, ಆಮೇಲೆ ಬಂದರೆ ಕಳೆಯಿರಿ.