ಒಬ್ಬರೇ ಕೂತು ಇಂಗ್ಲಿಷ್ ಮಾತು ಕಲಿಯುವುದು ಹೇಗೆ? ಮೊಬೈಲ್ ರೆಕಾರ್ಡರ್ ಸಾಕು

ಬೀದರಿನಲ್ಲಿ ಬಿದ್ರಿ ಅಂಗಡಿ ನಡೆಸುವ, ನಲವತ್ತು ದಾಟಿದ ಒಬ್ಬರು ಇದ್ದಾರೆ ಎಂದುಕೊಳ್ಳೋಣ. ಹೊರ ರಾಜ್ಯದಿಂದ ಬಂದವರು ‘ಇದನ್ನು ಹೇಗೆ ಮಾಡುತ್ತೀರಿ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಇವರಿಗೆ ಕೆಲಸ ಅಂಗೈ ಮೇಲಿನ ನೆಲ್ಲಿಕಾಯಿ, ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಸಂಜೆ ಜೊತೆಗೆ ಕೂತು ಮಾತಾಡಿಸುವವರೂ ಇಲ್ಲ. ಇಂಥವರು ಮನೆಯಲ್ಲೇ ಹೇಗೆ ಅಭ್ಯಾಸ ಮಾಡಬಹುದು, ನೋಡೋಣ.

ಮೊದಲು ವಿಷಯ. ಚೆನ್ನಾಗಿ ಗೊತ್ತಿರುವುದನ್ನೇ ಆರಿಸಿಕೊಳ್ಳಿ. ಆಗ ಏನು ಹೇಳಬೇಕು ಎಂಬ ಯೋಚನೆ ಇರುವುದಿಲ್ಲ, ಗಮನ ಪೂರ್ತಿ ಮಾತಿನ ಮೇಲೆ ಇರುತ್ತದೆ. ನಮ್ಮ ಅಂಗಡಿಯವರು ಬಿದ್ರಿ ಕೆಲಸವನ್ನೇ ಹೇಳಲಿ: ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುವುದು, ಚಿತ್ತಾರ ಬರೆದು ಕೊರೆಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವುದು, ಕೊನೆಗೆ ಕೋಟೆಯ ಮಣ್ಣು, ನವಸಾಗರದ ದ್ರಾವಣದಲ್ಲಿ ಕಪ್ಪು ಬರಿಸುವುದು.

ಇನ್ನು ರೆಕಾರ್ಡಿಂಗ್, ಮೂರು ನಿಮಿಷದ್ದು. ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡುವುದು ಕಷ್ಟವೇ. ಆದರೂ ಆ ಮೂರು ನಿಮಿಷ ಬಂದ್ ಮಾಡಿ, ಇಲ್ಲದಿದ್ದರೆ ಪದದ ಕೊನೆಯ ಸಣ್ಣ ಧ್ವನಿ ಕೇಳಿಸುವುದೇ ಇಲ್ಲ. ಬರೆದುಕೊಂಡು ಓದಬೇಡಿ. ತಪ್ಪಿದರೂ ನಿಲ್ಲಿಸಬೇಡಿ.

ಮೊದಲ ಸಲ ಕೇಳಿದಾಗ ‘ಇದು ನನ್ನ ದನಿಯಾ?’ ಅನಿಸುತ್ತದೆ. ಮಾತಾಡುವಾಗ ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ರೆಕಾರ್ಡಿಂಗ್‌ನಲ್ಲಿ ಗಾಳಿಯ ದಾರಿ ಮಾತ್ರ. ಕೆಲವು ದಿನಕ್ಕೆ ರೂಢಿಯಾಗುತ್ತದೆ.

ಈಗ ಮುಖ್ಯ ಕೆಲಸ. ಸುಮ್ನೆ ಕೇಳಿಬಿಟ್ಟರೆ ಆಗದು. ಏನು ಹೇಳಬೇಕೆಂದಿದ್ದಿರೋ ಅದನ್ನೇ ಕಿವಿ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಮೊದಲ ಒಂದು ನಿಮಿಷವನ್ನು ನಿಲ್ಲಿಸಿ ನಿಲ್ಲಿಸಿ, ಹೇಳಿದ್ದು ಹೇಳಿದ ಹಾಗೆ, ತಪ್ಪೂ ಸೇರಿಸಿ ಬರೆಯಿರಿ. ಹದಿನೈದು ನಿಮಿಷ ಹಿಡಿದರೂ ಹಿಡಿಯಲಿ. ನಮ್ಮವರ ಪುಸ್ತಕದಲ್ಲಿ ಹೀಗೆ ಬಂತು: ‘ಡಿಸೈನ್ ಈಸ್ ಡ್ರಾಯಿಂಗ್, ದೆನ್ ಸಿಲ್ವರ್ ಈಸ್ ಹ್ಯಾಮರಿಂಗ್.’ ಇಲ್ಲಿ ‘ಈಸ್ ಡ್ರಾನ್’, ‘ಈಸ್ ಹ್ಯಾಮರ್ಡ್’ ಆಗಬೇಕು. ಅಥವಾ ಸೀದಾ ‘ವಿ ಡ್ರಾ’, ‘ವಿ ಹ್ಯಾಮರ್’. ಕಲಿಯುವವರಿಗೆ ಎರಡನೆಯದೇ ಸುಲಭ, ಗಿರಾಕಿಗೂ ಅಷ್ಟೇ ಚೆನ್ನಾಗಿ ತಿಳಿಯುತ್ತದೆ.

ಪುಟದಲ್ಲಿ ಬೇರೆ ತಪ್ಪುಗಳೂ ಕಾಣುತ್ತವೆ. ಅವನ್ನು ಸದ್ಯಕ್ಕೆ ಬಿಡಿ. ಎರಡು ವಾರಕ್ಕೆ ಒಂದೇ ತಪ್ಪು ಹಿಡಿಯಿರಿ, ಹೆಚ್ಚು ಸಲ ಬಂದದ್ದನ್ನು.

ಸರಿಪಡಿಸಿದ ವಾಕ್ಯಗಳನ್ನು ಜೋರಾಗಿ ಹೇಳಿಕೊಂಡ ಮೇಲೆ ಅದೇ ವಿಷಯವನ್ನು ಮತ್ತೆ ಹೇಳಿ, ಸಮಯ ಇಳಿಸುತ್ತಾ: ಮೂರು ನಿಮಿಷ, ಎರಡು, ಒಂದೂವರೆ. ಇದರ ಮೂಲ ನಾಲ್ಕು, ಮೂರು, ಎರಡು ನಿಮಿಷ ಹೇಳಿಸುವ 4/3/2 ಎಂಬ ವಿಧಾನ, 1983ರಿಂದ ಭಾಷಾ ಬೋಧನೆಯಲ್ಲಿದೆ. ಅಲ್ಲಿ ಪ್ರತಿ ಸಲ ಹೊಸ ಕೇಳುಗ ಇರುತ್ತಾನೆ, ಇಲ್ಲಿ ಫೋನೇ ಕೇಳುಗ. ತಡವರಿಕೆ ಇದರಿಂದ ಇಳಿಯುತ್ತದೆ. ಆದರೆ ತಿದ್ದಿಕೊಳ್ಳದೆ ವೇಗ ಹೆಚ್ಚಿಸಿದರೆ ತಪ್ಪೇ ನಾಲಿಗೆಗೆ ಕೂರುತ್ತದೆ, ಹಾಗಾಗಿ ಮೊದಲು ತಿದ್ದು, ಆಮೇಲೆ ವೇಗ.

ಫೈಲಿಗೆ ದಿನಾಂಕದ ಹೆಸರು ಕೊಡಿ, ವರ್ಷ ಮೊದಲು ಬರಲಿ: `2025-06-02-bidri`. ಆಗ ಪಟ್ಟಿ ತಾನೇ ಸಾಲಾಗಿ ನಿಲ್ಲುತ್ತದೆ. ಮೊದಲ ಫೈಲನ್ನು ಅಳಿಸಲೇಬೇಡಿ.

ಲೆಕ್ಕ ಇಡುವಾಗ ತಪ್ಪುಗಳನ್ನಷ್ಟೇ ಎಣಿಸಬೇಡಿ. ಕಡಿಮೆ ಮಾತಾಡಿದ ದಿನ ತಪ್ಪೂ ಕಡಿಮೆ ಬರುತ್ತದೆ ಅಲ್ವಾ? ನೀವು ಹಿಡಿದ ತಪ್ಪಿನ ಸರಿ ರೂಪ ಎಷ್ಟು ಕಡೆ ಬರಬೇಕಿತ್ತು, ಎಷ್ಟು ಕಡೆ ಸರಿ ಬಂತು ಎಂದು ಬರೆಯಿರಿ. ನಮ್ಮವರಿಗೆ ಮೊದಲ ದಿನ 11ರಲ್ಲಿ 3 ಸರಿ. ಎರಡು ವಾರದ ನಂತರ 11ರಲ್ಲಿ 9. ಇದರ ಪಕ್ಕದಲ್ಲೇ ಎರಡು ಸೆಕೆಂಡಿಗಿಂತ ಜಾಸ್ತಿ ನಿಂತ ಜಾಗಗಳನ್ನೂ ಎಣಿಸಿಡಿ.

ಈ 9ನ್ನು ಪೂರ್ತಿ ನಂಬಬೇಡಿ. ಒಂದೇ ವಿಷಯ ಪದೇ ಪದೇ ಹೇಳಿದರೆ ಬಾಯಿಪಾಠವೂ ಆಗಿರಬಹುದು. ಹೊಸ ವಿಷಯ ಕೊಟ್ಟು ನೋಡಿ. ಜೋಳದ ರೊಟ್ಟಿ ಮಾಡುವುದು ಹೇಗೆ ಎಂದು, ಯಾವ ತಯಾರಿಯೂ ಇಲ್ಲದೆ ಹೇಳಲಿ. ಅಲ್ಲಿ 10ರಲ್ಲಿ 5 ಮಾತ್ರ ಸರಿ ಬಂದರೆ, ಆ ರೂಪ ಇನ್ನೂ ಬಿದ್ರಿಯ ಮಾತಿಗಷ್ಟೇ ಅಂಟಿಕೊಂಡಿದೆ ಎಂದರ್ಥ. ಇನ್ನೆರಡು ವಾರ ಅದನ್ನೇ ಮುಂದುವರಿಸಿ, ವಿಷಯ ಮಾತ್ರ ಬದಲಿಸಿ. ಹೊಸ ವಿಷಯದಲ್ಲೂ 10ಕ್ಕೆ 8 ಬಂದಾಗ ಮುಂದಿನ ತಪ್ಪಿಗೆ ಹೋಗಿ.

ಒಂದು ಮಿತಿಯೂ ಇದೆ. ತಪ್ಪು ಎಂದೇ ಗೊತ್ತಿಲ್ಲದ್ದು ಎಷ್ಟು ಸಲ ಕೇಳಿದರೂ ಸಿಗುವುದಿಲ್ಲ. ‘ಓನ್ಲಿ’ಯನ್ನು ‘ವೋನ್ಲಿ’ ಎಂದು, ‘ಎಗ್’ ಅನ್ನು ‘ಯೆಗ್’ ಎಂದು ಹೇಳುವುದು ನಮ್ಮಲ್ಲಿ ಎಷ್ಟು ಸಹಜ ಎಂದರೆ ಕಿವಿಗೆ ತಟ್ಟುವುದೇ ಇಲ್ಲ. ಅನುಮಾನ ಬಂದ ಪದವನ್ನು ದನಿ ಇರುವ ಡಿಕ್ಷನರಿ ಆ್ಯಪಿನಲ್ಲಿ ಕೇಳಿ, ಕೂಡಲೇ ನಿಮ್ಮದನ್ನು ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಬೆನ್ನಿಗೆ ಒಂದು ಹಾಕಿ ಕೇಳಿ. ತಿಂಗಳಿಗೊಮ್ಮೆ ಒಂದು ಫೈಲನ್ನು ಕಾಲೇಜಿಗೆ ಹೋಗುವ ಮಗಳಿಗೋ ಪರಿಚಯದ ಮೇಷ್ಟ್ರಿಗೋ ಕಳಿಸಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ‘ಎಲ್ಲಿ ಅರ್ಥವಾಗಲಿಲ್ಲ, ಎಷ್ಟನೇ ಸೆಕೆಂಡಿನಲ್ಲಿ?’ ಎಂದು ಕೇಳಿ.