ರಿಮೋಟ್ ಕೆಲಸಕ್ಕೆ ನಾನು ಇಂಟರ್‌ವ್ಯೂ ಮಾಡೋ ರೀತಿ

ನಾನು ಮೈಸೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಟೀಮ್ ನಮ್ಮದು. ಅರ್ಧ ಜನ ಇಲ್ಲಿ, ಇನ್ನರ್ಧ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ. ಜನರನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲ ಸಲವೇ ತಪ್ಪು ಮಾಡಿದೆ.

ಆಗ ನಾನು ಆರಿಸಿದ ಹುಡುಗ ರಾತ್ರಿ ಹನ್ನೊಂದೂವರೆಗೆ ಮೇಲ್ ಹಾಕಿದರೂ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದ. ವಿಡಿಯೋ ಕಾಲ್‌ನಲ್ಲಿ ಚೆನ್ನಾಗಿ ಮಾತಾಡಿದ. "ಯಾರೂ ನೋಡ್ಕೊಳ್ಳೋರು ಇಲ್ದೇನೂ ಕೆಲಸ ಮಾಡ್ತೀರಾ?" ಅಂತ ಕೇಳಿದೆ. "ಖಂಡಿತ ಮೇಡಂ" ಅಂದ. ಇನ್ನೇನು ಹೇಳುತ್ತಾನೆ, ಇಲ್ಲ ಅಂತಾನಾ! ಸೇರಿದ ಮೇಲೆ ಚಾಟ್‌ನಲ್ಲಿ ಅವನ ಹಸಿರು ಚುಕ್ಕೆ ಆರುತ್ತಲೇ ಇರಲಿಲ್ಲ, ಆದರೆ ದಿನಾ ಸಂಜೆ "ಇನ್ನೇನು ಮುಗೀತು" ಅನ್ನೋ ಒಂದೇ ಮೆಸೇಜು. ಐದು ವಾರ ಆದ ಮೇಲೆ ಕೂತು ಮಾತಾಡಿದಾಗ ಗೊತ್ತಾಯಿತು, ಬಂದ ಪ್ರತಿ ಮೆಸೇಜಿಗೂ ತಕ್ಷಣ ಉತ್ತರ ಕೊಡೋದೇ ಶಿಸ್ತು ಅಂದುಕೊಂಡು ಅವನು ಒಂದು ದಿನವೂ ಎರಡು ಗಂಟೆ ಸತತವಾಗಿ ಕೆಲಸಕ್ಕೆ ಕೂತೇ ಇರಲಿಲ್ಲ. ಅವನನ್ನು ಬೈದು ಏನು ಪ್ರಯೋಜನ? ಬೇಗ ಉತ್ತರ ಕೊಟ್ಟ ಅಂತ ಮೆಚ್ಚಿ ಆರಿಸಿದ್ದು ನಾನೇ ತಾನೇ.

ನಮ್ಮ ಗಡಿಯಾರದ ಲೆಕ್ಕ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಬೇಸಿಗೆಯಲ್ಲಿ ಪೋರ್ಟ್‌ಲ್ಯಾಂಡ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯ ಲೆಕ್ಕದಲ್ಲೇ ನೋಡಿ, ನಾವು ಸಂಜೆ ಆರಕ್ಕೆ ಕೆಲಸ ಎಲ್ಲಿಗೆ ಬಂತು ಅಂತ ಒಂದು ನೋಟ್ ಬರೆದಿಟ್ಟು ಲ್ಯಾಪ್‌ಟಾಪ್ ಮುಚ್ಚಿದಾಗ ಅಲ್ಲಿ ಬೆಳಗಿನ ಜಾವ ಐದೂವರೆ. ಅವರು ಒಂಬತ್ತಕ್ಕೆ ಕೂತು ನಮ್ಮ ನೋಟ್ ಓದಿ "ಇದರರ್ಥ ಏನು?" ಅಂತ ಕೇಳಿದರೆ ಇಲ್ಲಿ ರಾತ್ರಿ ಒಂಬತ್ತೂವರೆ. ನಾವು ಅದಕ್ಕೆ ಬೆಳಿಗ್ಗೆ ಉತ್ತರ ಬರೆಯುತ್ತೇವೆ, ಅಷ್ಟು ಹೊತ್ತಿಗೆ ಅವರು ಮಲಗೋಕೆ ಹೊರಟಿರುತ್ತಾರೆ. ಒಂದು ಅರ್ಧಂಬರ್ಧ ವಾಕ್ಯಕ್ಕೆ ಒಂದು ಇಡೀ ದಿನ ದಂಡ. ಹಾಗಾಗಿ ನಾನು ನೋಡಬೇಕಾದದ್ದು ಸಂಜೆ ಆರಕ್ಕೆ ಬರೆಯುವ ಆ ನೋಟನ್ನು ಅಂತ ನಿಧಾನವಾಗಿ ಹೊಳೆಯಿತು.

ಈಗ ನಾನು ಮಾಡೋದು ಹೀಗೆ. ನಾಲ್ಕು ಗಂಟೆಯ ಒಂದು ಕೆಲಸ ಕೊಡುತ್ತೇನೆ, ಅದಕ್ಕೆ ದುಡ್ಡೂ ಕೊಡುತ್ತೇವೆ. ಮೂರು ದಿನದೊಳಗೆ ಯಾವಾಗ ಬೇಕಾದರೂ ಮಾಡಬಹುದು. ಆದರೆ ಯಾವಾಗ ಮುಗಿಸುತ್ತೀರಿ ಅನ್ನೋದನ್ನ ಮೊದಲೇ ಬರೆದು ಕಳಿಸಬೇಕು. ಅಷ್ಟೇ ಷರತ್ತು. ಮುಗಿದ ಮೇಲೆ ಕೋಡ್ ಜೊತೆ ಒಂದು ನೋಟ್ ಬರೆಯಬೇಕು, ಅದನ್ನು ಓದಿದವರು ಕೆಲಸ ಮುಂದುವರಿಸುವ ಹಾಗೆ.

ಕೆಲಸ ಏನಪ್ಪಾ ಅಂದ್ರೆ, ಇಪ್ಪತ್ನಾಲ್ಕು ಗಂಟೆ ತೆರೆದಿರೋ ಒಂದು ಮೆಡಿಕಲ್ ಸ್ಟೋರು, ದಿನದ ವ್ಯಾಪಾರದ ಲೆಕ್ಕ ತಾಳೆ ಆಗ್ತಿಲ್ಲ ಅಂತ ಅದರ ದೂರು. ಏಪ್ರಿಲ್ 1ರ ನಸುಕಿನ ಎರಡು ಗಂಟೆಗೆ ಮಾಡಿದ ಬಿಲ್ ನಮ್ಮ ಡೇಟಾಬೇಸಿನಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯದ ಪ್ರಕಾರ, `2025-03-31T20:30:00Z` ಅಂತ ಕೂತಿರುತ್ತದೆ. ರಿಪೋರ್ಟು ಅದನ್ನು ಮಾರ್ಚ್ 31ಕ್ಕೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಸಿಬಿಡುತ್ತದೆ. ಇದನ್ನು ಹಿಡಿಯೋದು ಕಷ್ಟ ಅಲ್ಲ, ಬಹಳ ಜನ ಹಿಡಿಯುತ್ತಾರೆ. ನಾನು ಬೇಕಂತಲೇ ಒಂದು ವಿಷಯ ಹೇಳಿರುವುದಿಲ್ಲ. ಆ ಅಂಗಡಿಯವರು ಗಲ್ಲಾಪೆಟ್ಟಿಗೆ ಎಣಿಸೋದು ಬೆಳಿಗ್ಗೆ ಆರಕ್ಕೆ, ಶಿಫ್ಟ್ ಬದಲಾಗುವಾಗ. ಹಾಗಾದರೆ ಅವರ "ದಿನ" ಶುರುವಾಗೋದು ನಡುರಾತ್ರಿಗೋ, ಆರು ಗಂಟೆಗೋ? ಡೇಟಾ ನೋಡಿದರೆ ಶಿಫ್ಟಿನ ಕಾಲಂ ಕಣ್ಣಿಗೆ ಬೀಳುತ್ತದೆ, ಪ್ರಶ್ನೆ ಏಳಬೇಕು.

ಹೋದ ಸಲ ಕೊನೆಗೆ ಇಬ್ಬರು ಉಳಿದರು. ಮೊದಲನೆಯವರ ಇಂಗ್ಲಿಷ್ ಅದ್ಭುತ, ಒಂದು ಕಾಮಾನೂ ತಪ್ಪಿಲ್ಲ. ಮೊದಲ ದಿನ "ಹಾಯ್, ಒಂದು ಡೌಟ್ ಇತ್ತು" ಅಂತ ಚಾಟ್‌ನಲ್ಲಿ ಹಾಕಿ ಸುಮ್ನಾದರು. ನಾನು ಬೇಕಂತಲೇ ಪೋರ್ಟ್‌ಲ್ಯಾಂಡಿನವರ ಹಾಗೆ ಹನ್ನೆರಡು ಗಂಟೆ ಬಿಟ್ಟು "ಹೇಳಿ" ಅಂದೆ. ಮಾರನೇ ದಿನ ಪ್ರಶ್ನೆ ಬಂತು, ಮತ್ತೆ ಹನ್ನೆರಡು ಗಂಟೆ ಬಿಟ್ಟು ಉತ್ತರ ಹೋಯಿತು. ಅಷ್ಟರಲ್ಲಿ ಎರಡು ದಿನ ಖಾಲಿ. ಕೊನೆಯ ನೋಟ್‌ನಲ್ಲಿ "ಟೈಮ್‌ಝೋನ್ ಸಮಸ್ಯೆ ಬಗೆಹರಿದಿದೆ, ಉಳಿದದ್ದು ನಾಳೆ ಬೆಳಿಗ್ಗೆ ಕಳಿಸುತ್ತೇನೆ" ಅಂತ ಇತ್ತು. ಉಳಿದದ್ದು ಅಂದರೆ ಯಾವುದು? ಬೆಳಿಗ್ಗೆ ಅಂದರೆ ಯಾರ ಬೆಳಿಗ್ಗೆ?

ಎರಡನೆಯವರು ಹುಬ್ಬಳ್ಳಿ ಕಡೆಯವರು. ಇಂಗ್ಲಿಷ್ ವ್ಯಾಕರಣ ಅಲ್ಲಲ್ಲಿ ಎಡವುತ್ತಿತ್ತು. ಆದರೆ ಮೊದಲ ದಿನವೇ ಅವರಿಂದ ಬಂದದ್ದು, ಕನ್ನಡದಲ್ಲಿ ಹೇಳೋದಾದರೆ, ಇದು: "ದಿನ ನಡುರಾತ್ರಿಗೆ ಶುರು ಅಂತ ಇಟ್ಟುಕೊಂಡಿದ್ದೇನೆ, ಜಿಎಸ್‌ಟಿಗೆ ಬಿಲ್ಲಿನ ತಾರೀಖೇ ಬೇಕಲ್ಲ. ಅಂಗಡಿಯವರ ಗಲ್ಲಾ ಲೆಕ್ಕಕ್ಕೆ ಆರು ಗಂಟೆ ಬೇಕಾಗಬಹುದು. ಹಾಗಿದ್ದರೆ ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕು. ನಿಮ್ಮ ಉತ್ತರ ಬರುವ ತನಕ ಟೆಸ್ಟ್ ಬರೆಯುತ್ತಿರುತ್ತೇನೆ." ಎರಡನೇ ದಿನ ಮಧ್ಯಾಹ್ನ ಇನ್ನೊಂದು ಮೆಸೇಜು: ಇವತ್ತು ಸಂಜೆ ಆರಕ್ಕೆ ಅಂದಿದ್ದೆ, ಆಗುವುದಿಲ್ಲ, ನಾಳೆ ಗುರುವಾರ ಮಧ್ಯಾಹ್ನ ಒಂದು ಗಂಟೆ ಭಾರತದ ಸಮಯಕ್ಕೆ ಕಳಿಸುತ್ತೇನೆ.

ಶಿಸ್ತು ಅಂತ ನಾನು ಹುಡುಕೋದು ಇದನ್ನೇ. ಹೇಳಿದ ಹೊತ್ತಿಗೆ ಮುಗಿಸೋದು ಒಳ್ಳೇದೇ, ಆದರೆ ಎಲ್ಲರಿಗೂ ಒಂದಲ್ಲ ಒಂದು ದಿನ ತಡ ಆಗುತ್ತೆ. ತಡ ಆಗುತ್ತೆ ಅಂತ ಗೊತ್ತಾದ ಹೊತ್ತಿಗೂ ಅದನ್ನು ಹೇಳಿದ ಹೊತ್ತಿಗೂ ಎಷ್ಟು ಅಂತರ ಅಂತ ನೋಡುತ್ತೇನೆ. ಗಡುವು ದಾಟಿದ ಮೇಲೆ "ಸಾರಿ, ಕರೆಂಟ್ ಹೋಗಿತ್ತು" ಅಂತ ಬಂದರೆ, ಕರೆಂಟ್ ನಿಜವಾಗಿ ಹೋಗಿದ್ದರೂ, ಅಲ್ಲಿ ಕಾಯುತ್ತಿದ್ದವರ ದಿನ ಹೋಯಿತು ಅಲ್ವಾ.

ಇಬ್ಬರ ನೋಟನ್ನೂ ಹೆಸರು ತೆಗೆದು ಪೋರ್ಟ್‌ಲ್ಯಾಂಡಿನ ಸಹೋದ್ಯೋಗಿಗೆ ಕಳಿಸಿದೆ. ಅವರು ಆ ಅಭ್ಯರ್ಥಿಗಳ ಜೊತೆ ಒಂದು ಮಾತೂ ಆಡಿರುವುದಿಲ್ಲ. ಓದಿ ಕೆಲಸ ಶುರು ಮಾಡಿ, ಎಲ್ಲಿ ತಡೆಯುತ್ತೋ ಅಲ್ಲಿ ಪ್ರಶ್ನೆ ಬರೆಯಿರಿ ಅಂತ ಮಾತ್ರ ಹೇಳುತ್ತೇನೆ. ಮೊದಲನೆಯ ನೋಟಿಗೆ ಏಳು ಪ್ರಶ್ನೆ ವಾಪಸ್ ಬಂತು. ಎರಡನೆಯದಕ್ಕೆ ಒಂದು. ವ್ಯಾಕರಣದ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ನಾನಂತೂ ಮೊದಲು ಆ ಇಂಗ್ಲಿಷ್ ನೋಡಿ ಹಿಂದೆಮುಂದೆ ನೋಡಿದ್ದೆ, ಒಪ್ಪಿಕೊಳ್ಳಬೇಕು.

ಆಮೇಲೆ ಒಂದು ಗಂಟೆಯ ಕಾಲ್. ಮನೇಲಿ ಯಾರಿದ್ದಾರೆ, ಮಕ್ಕಳಿದ್ದಾರಾ ಅಂತೆಲ್ಲ ಕೇಳಲ್ಲ, ಅದು ನನಗೆ ಬೇಡದ ವಿಷಯ. ಹೋದ ವಾರದ ಮಂಗಳವಾರ ಹೇಗೆ ಹೋಯಿತು ಅಂತ ಕೇಳುತ್ತೇನೆ. ಎಷ್ಟು ಹೊತ್ತಿಗೆ ಕೂತಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಉತ್ತರ ಹೇಳುವವರು ಸಿಗದೇ ಇದ್ದಾಗ ಏನು ಮಾಡಿದಿರಿ. "ನಾನು ಸಾಮಾನ್ಯವಾಗಿ" ಅಂತ ಶುರು ಮಾಡಿದರೆ ನಿಲ್ಲಿಸಿ ಮತ್ತೆ ಮಂಗಳವಾರಕ್ಕೇ ಎಳೆದು ತರುತ್ತೇನೆ. ಹುಬ್ಬಳ್ಳಿಯವರು "ಮಂಗಳವಾರ ಮಧ್ಯಾಹ್ನದ ತನಕ ಏನೂ ಸಾಗಲಿಲ್ಲ ಮೇಡಂ, ಕೊನೆಗೆ ಅದನ್ನ ಬಿಟ್ಟು ಬೇರೆ ಬಗ್ ತಗೊಂಡೆ, ಯಾಕೆ ಬಿಟ್ಟೆ ಅಂತ ಟಿಕೆಟ್‌ನಲ್ಲಿ ಬರೆದಿಟ್ಟೆ" ಅಂದರು. ಅವರನ್ನೇ ತಗೊಂಡೆವು.

ಈ ಪರೀಕ್ಷೆಗೆ ಸಿಗದೇ ಇರೋದೂ ಇದೆ. ಮೂರು ದಿನ ಯಾರು ಬೇಕಾದರೂ ಚೆಂದದ ನೋಟ್ ಬರೆಯಬಹುದು, ಮೂರು ತಿಂಗಳಾದ ಮೇಲೆ ಬರೆಯುತ್ತಾರಾ ಅನ್ನೋದು ಗೊತ್ತಾಗಲ್ಲ. ಒಬ್ಬರ ವಿಷಯದಲ್ಲಿ ಹಾಗೇ ಆಯಿತು, ಎರಡನೇ ತಿಂಗಳಿಂದ ನೋಟ್ ಒಂದೇ ಸಾಲಿಗೆ ಇಳಿಯಿತು. ಅದಕ್ಕೇ ಈಗ ಹಳೆಯ ಮ್ಯಾನೇಜರಿಗೆ ಫೋನ್ ಮಾಡಿದಾಗ "ಕೆಲಸ ಹೇಗೆ ಮಾಡ್ತಿದ್ರು" ಅಂತ ಕೇಳೋದು ಬಿಟ್ಟಿದ್ದೇನೆ. ಕೆಲಸ ಕೈಕೊಟ್ಟಾಗ ನಿಮಗೆ ಮೊದಲು ಗೊತ್ತಾಗಿದ್ದು ಯಾರಿಂದ, ಅವರಿಂದಲೇ ಗೊತ್ತಾಯಿತಾ ಅಥವಾ ನೀವೇ ಹೋಗಿ ಕೇಳಬೇಕಾಯಿತಾ ಅಂತ ಕೇಳುತ್ತೇನೆ.