ಎಣ್ಣೆ ಮುಕ್ಕಳಿಸಿ, ಆದರೆ ಬ್ರಷ್ ಬಿಡಬೇಡಿ

ಬಾಯಲ್ಲಿ ಎಣ್ಣೆ ಇಟ್ಟುಕೊಂಡು ಮುಕ್ಕಳಿಸಿ ಉಗುಳಿದಾಗ ಅದು ಬೆಳ್ಳಗೆ, ನೊರೆನೊರೆಯಾಗಿ ಬರುತ್ತದೆ. ಮೈಯಲ್ಲಿದ್ದ ವಿಷವೆಲ್ಲ ಹೊರಗೆ ಬಂತು ಅಂತ ಜನ ಅದನ್ನು ತೋರಿಸಿ ಹೇಳುತ್ತಾರೆ. ಅದು ವಿಷ ಅಲ್ಲ. ಎಣ್ಣೆಯೂ ಎಂಜಲೂ ಬೆರೆತರೆ ಹಾಗೇ ಬೆಳ್ಳಗಾಗುತ್ತದೆ. ಬಾಯಿ ಎಷ್ಟೇ ಶುಚಿಯಾಗಿದ್ದರೂ ಆಗುತ್ತದೆ.

ನಮ್ಮ ಆಯುರ್ವೇದದಲ್ಲಿ ಇದಕ್ಕೆ ಎರಡು ಬಗೆ. ಬಾಯಿ ಅಲ್ಲಾಡಿಸಲು ಜಾಗವೇ ಇಲ್ಲದಷ್ಟು ತುಂಬಿಕೊಂಡು ಸುಮ್ನೆ ಕೂರುವುದು ಗಂಡೂಷ. ಸ್ವಲ್ಪ ಹಾಕಿಕೊಂಡು ಆಡಿಸುವುದು ಕವಲ. ನಾವೀಗ ಮಾಡುವುದು ಎರಡನೆಯದು. ಚರಕಸಂಹಿತೆ ಎಣ್ಣೆ ಗಂಡೂಷದ ಗುಣ ಹೇಳುವಾಗ ದವಡೆಗೆ ಬಲ, ಒಳ್ಳೆಯ ದನಿ, ಗಂಟಲು ಒಣಗದಿರುವುದು, ತುಟಿ ಒಡೆಯದಿರುವುದು, ಹಲ್ಲು ಗಟ್ಟಿಯಾಗುವುದು ಎನ್ನುತ್ತದೆ. ಎಲ್ಲವೂ ಬಾಯಿಯ ಸುತ್ತಮುತ್ತಲಿನ ಮಾತೇ. ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಆಮೇಲೆ ಸೇರಿಕೊಂಡದ್ದು. ಅದಕ್ಕೆ ಆಧಾರ ಇಲ್ಲ, ಔಷಧಿ ನಿಲ್ಲಿಸಿ ಇದನ್ನು ನಂಬಬೇಡಿ.

ಹಾಗಾದರೆ ಏನೂ ಉಪಯೋಗ ಇಲ್ಲವೇ? ಸ್ವಲ್ಪ ಇದೆ. 2009ರಲ್ಲಿ ತಮಿಳುನಾಡಿನ ದಂತವೈದ್ಯರು ಒಸಡು ಊದಿದ್ದ 20 ಹುಡುಗರ ಮೇಲೆ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ಎಳ್ಳೆಣ್ಣೆ, ಇನ್ನರ್ಧ ಜನಕ್ಕೆ ಡಾಕ್ಟರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಇಬ್ಬರಲ್ಲೂ ಹಲ್ಲಿನ ಪಾಚಿ ಮತ್ತು ಒಸಡಿನ ಊತ ಕಡಿಮೆಯಾಯಿತು. ಕೊಬ್ಬರಿ ಎಣ್ಣೆಯಲ್ಲೂ ಇಂಥ ಫಲ ಕಂಡಿದೆ. ಆದರೆ ಇವೆಲ್ಲ ಕೆಲವೇ ಜನರ ಮೇಲೆ, ಕೆಲವೇ ದಿನ ನಡೆದ ಪರೀಕ್ಷೆಗಳು. ಅದಕ್ಕೇ ಅಮೆರಿಕದ ದಂತವೈದ್ಯರ ಸಂಘ ಇದನ್ನು ಶಿಫಾರಸು ಮಾಡುವುದಿಲ್ಲ. ಹುಳುಕು ತಡೆಯುತ್ತದೆ, ಹಲ್ಲು ಬಿಳಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎನ್ನುವುದು ಅವರ ಮಾತು.

ನಮ್ಮ ಪಕ್ಕದ ಮನೆಯ ಸೊಸೆಗೆ ಒಸಡಿನಲ್ಲಿ ರಕ್ತ ಬರುತ್ತಿತ್ತು. ದಿನಾ ಎಣ್ಣೆ ಮುಕ್ಕಳಿಸಿದಳು. ವಾಸನೆ ಹೋಯಿತು, ರಕ್ತವೂ ಕಡಿಮೆಯಾಯಿತು. ಅಷ್ಟಕ್ಕೇ ಖುಷಿಯಾಗಿ, ಹಿಂದಿನ ದವಡೆಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತಿದ್ದುದನ್ನೂ ಎಣ್ಣೆಗೇ ಬಿಟ್ಟಳು. ರಾತ್ರಿ ನಿದ್ದೆ ಕೆಡಿಸುವ ನೋವು ಶುರುವಾದ ಮೇಲೆ ದಂತವೈದ್ಯರ ಹತ್ತಿರ ಹೋದಳು. ಹುಳುಕು ನರದವರೆಗೆ ಇಳಿದಿತ್ತು, ರೂಟ್ ಕೆನಾಲ್ ಮಾಡಿಸಬೇಕಾಯಿತು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಗಟ್ಟಿಯಾಗಿ ಕೂತಿದ್ದ ಕಲ್ಲಿನಂಥ ಪಾಚಿಯೂ ಹಾಗೇ ಇತ್ತು. ಮೆತ್ತಗಿರುವ ಪಾಚಿ ಎಣ್ಣೆಗೆ ಸ್ವಲ್ಪ ಬಿಟ್ಟುಕೊಳ್ಳಬಹುದು. ಗಟ್ಟಿಯಾದದ್ದು ಕ್ಲೀನಿಂಗ್‌ನಲ್ಲಿ ಮಾತ್ರ ಹೋಗುತ್ತದೆ. ತೂತು ಬಿದ್ದ ಹಲ್ಲು ಯಾವ ಎಣ್ಣೆಗೂ ಮುಚ್ಚಿಕೊಳ್ಳುವುದಿಲ್ಲ.

ಮಾಡುವವರು ಹೀಗೆ ಮಾಡಿ. ಅಡುಗೆಗೆ ಬಳಸುವ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯೇ ಬೇಕು. ದೀಪದ ಎಣ್ಣೆ ಎಂದು ಮಾರುವುದನ್ನು, ಪರಿಮಳದ ತಲೆಗೂದಲ ಎಣ್ಣೆಯನ್ನು ಬಾಯಿಗೆ ಹಾಕಬೇಡಿ. ಮೊದಮೊದಲು ಒಂದು ಟೀ ಚಮಚ ಸಾಕು, ರೂಢಿಯಾದ ಮೇಲೆ ಎರಡು. ಖಾಲಿ ಹೊಟ್ಟೆಯಲ್ಲಿ ನೆಟ್ಟಗೆ ಕೂತು, ಹಲ್ಲುಗಳ ಸಂದಿಯಲ್ಲಿ ಮೆಲ್ಲಗೆ ಆಡಿಸಿ. ಐದು ನಿಮಿಷದಿಂದ ಶುರು ಮಾಡಿ ಹತ್ತು, ಹದಿನೈದಕ್ಕೆ ಹೋಗಬಹುದು. ಕೆನ್ನೆ, ದವಡೆ ನೋಯಲು ಶುರುವಾದರೆ ಜಾಸ್ತಿ ಜೋರು ಮಾಡುತ್ತಿದ್ದೀರಿ ಎಂದೇ ಅರ್ಥ. ತಲೆ ಮೇಲೆತ್ತಿ ಗಂಟಲಲ್ಲಿ ಗೊಳಗೊಳ ಮಾಡಬೇಡಿ, ಮಾತಾಡಬೇಡಿ, ನಗಬೇಡಿ. ನುಂಗಬೇಡಿ ಕೂಡ.

ಈ ಎಚ್ಚರಿಕೆ ಸುಮ್ನೆ ಹೇಳಿದ್ದಲ್ಲ. ಎಣ್ಣೆ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ಎಣ್ಣೆ ಮುಕ್ಕಳಿಸಿಯೇ ಅದು ಮತ್ತೆ ಮತ್ತೆ ಬಂದವರ ವರದಿ ಇದೆ. ಅದಕ್ಕೇ ಚಿಕ್ಕ ಮಕ್ಕಳಿಗೆ, ನುಂಗಲು ಕಷ್ಟಪಡುವ ಹಿರಿಯರಿಗೆ, ಶೀತ ಆಗಿ ಮೂಗು ಕಟ್ಟಿದವರಿಗೆ ಇದು ಬೇಡ. ಮುಕ್ಕಳಿಸುತ್ತಿರುವವರಿಗೆ ಕೆಮ್ಮು, ಉಬ್ಬಸ ಬಿಡದೆ ಕಾಡಿದರೆ ನಿಲ್ಲಿಸಿ, ಡಾಕ್ಟರಿಗೆ ಎಣ್ಣೆಯ ವಿಷಯ ತಪ್ಪದೆ ಹೇಳಿ. ಅವರಾಗಿ ಕೇಳುವುದಿಲ್ಲ, ನಮಗೂ ಹೊಳೆಯುವುದಿಲ್ಲ.

ಉಗುಳುವುದು ಸಿಂಕಿಗಲ್ಲ. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟಿ ಪೈಪು ಕಟ್ಟುತ್ತದೆ. ಹಳೆ ಪೇಪರಿಗೆ ಉಗುಳಿ ಕಸದ ಬುಟ್ಟಿಗೆ ಹಾಕಿ, ಬಿಸಿನೀರಿನಲ್ಲಿ ಬಾಯಿ ತೊಳೆದು, ಆಮೇಲೆ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಎರಡು ನಿಮಿಷ ಹಲ್ಲುಜ್ಜಿ. ರಾತ್ರಿಯೂ ಒಮ್ಮೆ ಉಜ್ಜಬೇಕು. ಹುಳುಕು ತಡೆಯುವ ಕೆಲಸ ಆ ಪೇಸ್ಟಿನದು, ಎಣ್ಣೆಯಲ್ಲಿ ಫ್ಲೋರೈಡ್ ಇಲ್ಲವಲ್ಲ. ಒಸಡಿನ ರಕ್ತ ಎರಡು ವಾರದಲ್ಲಿ ನಿಲ್ಲದಿದ್ದರೆ ಡಬ್ಬಿ ಬದಿಗಿಟ್ಟು ದಂತವೈದ್ಯರ ಹತ್ತಿರ ಹೋಗಿ.